286ನೇ ಸುತ್ತಿನಲ್ಲಿ ನಿಂತ ಲೆಕ್ಕ

ಬೀದರಿನ ಕೆಂಪು ನೆಲದ ಗುಣ ಇಲ್ಲಿನವರಿಗೆಲ್ಲ ಗೊತ್ತು. ಮೇಲಿನ ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಳ್ಳುತ್ತದೆ, ಕೆಳಗಿನ ಕಪ್ಪು ಕಲ್ಲು ತಡೆದು ನಿಲ್ಲಿಸುತ್ತದೆ. ನೌಬಾದಿನ ಬಹಮನಿ ಕಾಲದ ಸುರಂಗ ಬಾವಿ ನಿಂತಿರುವುದೇ ಇದರ ಮೇಲೆ. ಅಂಥದ್ದೇ ನೆಲದ ಒಂದು ತುಂಡಿಗೆ, 3 ಕಿ.ಮೀ. ಉದ್ದ 3 ಕಿ.ಮೀ. ಅಗಲ, ಅಂತರ್ಜಲದ ಲೆಕ್ಕ ಹಾಕಲು ಕೂತಾಗ ನಡೆದದ್ದನ್ನು ಬರೆಯುತ್ತಿದ್ದೇನೆ.

ನೆಲವನ್ನು 10 ಮೀಟರಿನ ಚೌಕಗಳಾಗಿ ಕೊಯ್ದೆ. 300 ಸಾಲು, ಸಾಲಿಗೆ 300 ಚೌಕ, ಒಟ್ಟು 90,000. ಪ್ರತಿ ಚೌಕದ ನೀರಿನ ಮಟ್ಟವೂ ಒಂದೊಂದು ಅಜ್ಞಾತ. ಒಂದು ಬದಿಗೆ ಹಳ್ಳ, ಅದರ ಮಟ್ಟ 600 ಮೀಟರ್ ಎಂದು ಇಟ್ಟುಕೊಂಡೆ. ಉಳಿದ ಮೂರು ಬದಿ ಬಂದ್. ಜಂಬಿಟ್ಟಿಗೆಯಲ್ಲಿ ನೀರು ಸಾಗುವ ಶಕ್ತಿ ದಿನಕ್ಕೆ 50 ಚದರ ಮೀಟರ್. ಹಳ್ಳದ ಎದುರು ಬದಿಯ ಕೊನೆಯ 20 ಸಾಲು ಕಪ್ಪು ಕಲ್ಲು, ಅಲ್ಲಿ ಬರೀ 0.5. ದಿನಕ್ಕೆ 0.2 ಮಿಲಿಮೀಟರ್ ಇಂಗುತ್ತದೆ ಎಂದರೆ ಪ್ರತಿ ಚೌಕಕ್ಕೆ 0.02 ಘನ ಮೀಟರ್ ನೀರು. ಇದು ಮೊದಲ ಕರಡು, ಸಂಖ್ಯೆಗಳು ದುಂಡಗಿವೆ.

ಒಳಬಂದ ನೀರು ಹೊರಹೋದ ನೀರಿಗೆ ಸಮ ಎಂದು ಚೌಕಕ್ಕೊಂದು ಸಮೀಕರಣ, ಎಲ್ಲ ಸೇರಿ Ax = b, ಇದರಲ್ಲಿ x ನೀರಿನ ಮಟ್ಟಗಳು. A ಎಂಬ ಮ್ಯಾಟ್ರಿಕ್ಸನ್ನು ಪೂರ್ತಿ ಬರೆದಿಟ್ಟರೆ ಸುಮಾರು 65 ಜಿ.ಬಿ. ಆದರೆ ಒಂದು ಚೌಕಕ್ಕೆ ಸಂಬಂಧ ತನ್ನ ನಾಲ್ಕು ನೆರೆಯವರ ಜೊತೆ ಮಾತ್ರ, ಹಾಗಾಗಿ ಸೊನ್ನೆಯಲ್ಲದ ಅಂಕಿ ನಾಲ್ಕೂವರೆ ಲಕ್ಷದೊಳಗೆ. ಒಂದು ಚೌಕದಿಂದ ಪಕ್ಕದ್ದಕ್ಕೆ ನೀರು ಹರಿಯುವ ಸಲೀಸು ಎಷ್ಟೋ ಅಲ್ಲಿಂದ ಇಲ್ಲಿಗೂ ಅಷ್ಟೇ, ಅದಕ್ಕೇ ಅದು ಸಿಮೆಟ್ರಿಕ್. ಹಳ್ಳದ ಮಟ್ಟ ಗೂಟ ಹೊಡೆದಂತೆ ನಿಂತಿರುವುದರಿಂದ ಪಾಸಿಟಿವ್ ಡೆಫಿನಿಟ್ ಕೂಡ. ಒಂದು ಊಹೆಯಿಂದ ಶುರುಮಾಡಿ ಅದನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗುವ ಕಾಂಜುಗೇಟ್ ಗ್ರೇಡಿಯಂಟ್ ವಿಧಾನಕ್ಕೆ ಇಷ್ಟೇ ಸಾಕು. ಪ್ರತಿ ಸುತ್ತಿನಲ್ಲಿ ಮ್ಯಾಟ್ರಿಕ್ಸನ್ನು ಒಂದು ಸಲ ಗುಣಿಸಿದರಾಯಿತು.

ಹಳ್ಳದ ಮಟ್ಟವನ್ನು ಕಟ್ಟಿಹಾಕಲು ಸೋಮಾರಿಗಳ ದಾರಿ ಹಿಡಿದೆ. ಆ 300 ಚೌಕಗಳ ಕರ್ಣದ ಅಂಕಿಗೆ 10¹⁰ ಸೇರಿಸಿ, ಬಲಗಡೆ 10¹⁰ × 600 ಇಟ್ಟೆ. ಶುರುವಿನ ಊಹೆ ಎಲ್ಲೆಡೆ 600. ಪೈಥಾನಿನ SciPy ಯಲ್ಲಿ ಈ ವಿಧಾನದ ಹೆಸರು `cg`.

```python
x, info = cg(A, b, x0=x0, rtol=1e-5)
```

`info` ಸೊನ್ನೆ ಬಂತು, ಅಂದರೆ ಯಶಸ್ಸು. ನೋಡಿದರೆ ನೀರಿನ ಮಟ್ಟ ಎಲ್ಲೆಡೆ 600, ತಟ್ಟೆಯ ಹಾಗೆ ಸಪಾಟು. ಇಂಗುವ ನೀರನ್ನು ಎರಡು ಪಟ್ಟು ಮಾಡಿದೆ, ಆಗಲೂ 600. ಸುತ್ತು ಎಣಿಸಿದರೆ ಒಂದೂ ತಿರುಗಿರಲಿಲ್ಲ.

ತಪ್ಪು ನಿಲ್ಲಿಸುವ ಷರತ್ತಿನಲ್ಲಿತ್ತು. `cg` ನಿಲ್ಲುವುದು ಉಳಿಕೆ, ಅಂದರೆ b − Ax ನ ಉದ್ದ, b ಯ ಉದ್ದದ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆಯಾದಾಗ. ನನ್ನ b ಯಲ್ಲಿ ಹಳ್ಳದ ಅಂಕಿಗಳೇ ತುಂಬಿದ್ದವು, ಉದ್ದ ಸುಮಾರು 10¹⁴. ಅದರ ಲಕ್ಷದಲ್ಲೊಂದು ಪಾಲು 10⁹. ಇಡೀ ನೆಲಕ್ಕೆ ಇಂಗುವ ನೀರಿನ ಉದ್ದ ಬರೀ 6 (0.02 ರ 300 ಪಟ್ಟು, 90,000 ದ ವರ್ಗಮೂಲ 300). ಆನೆ ತೂಗುವ ತಕ್ಕಡಿಯಲ್ಲಿ ಜೀರಿಗೆ ತೂಗಿದಂತಾಗಿತ್ತು.

ಸರಿ ಎಂದು ಹಳ್ಳದ ಚೌಕಗಳನ್ನು ಅಜ್ಞಾತಗಳ ಪಟ್ಟಿಯಿಂದಲೇ ತೆಗೆದು, ಅದರಾಚೆಗೆ 300 ಸಾಲು ಇಟ್ಟು, ಹಳ್ಳದ ಕೊಡುಗೆಯನ್ನು ಬಲಗಡೆಗೆ ದಾಟಿಸಿದೆ. ಈ ಸಲ 286 ಸುತ್ತು ತಿರುಗಿ ನಿಂತಿತು. ಮಟ್ಟ ಹಳ್ಳದಿಂದ ಮೇಲಕ್ಕೆ ಚೆನ್ನಾಗಿ ಏರಿತ್ತು. ಒಳಬಂದ ನೀರು, ಹಳ್ಳಕ್ಕೆ ಹೋದ ನೀರು ಎರಡೂ ದಿನಕ್ಕೆ 1,800 ಘನ ಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಖುಷಿಯಿಂದ ನಕ್ಷೆ ಕಳಿಸಿಬಿಟ್ಟೆ.

ಬಾವಿಗಳ ಮಟ್ಟ ಅಳೆಯುವ ಹುಡುಗ ಸಂಜೆ ಫೋನ್ ಮಾಡಿದ. "ಸರ, ಆ ಕಡೀ ಕರಿಕಲ್ಲಿನ ಬಾವ್ಯಾಗ ನೀರು ಭಾಳ ಮ್ಯಾಲ ಅದ ರೀ. ನಿಮ್ಮ ನಕ್ಷಾದಾಗ ಕೆಳಗ ತೋರಸ್ಲತ್ತದ."

ನೀರಿನ ಲೆಕ್ಕ ಚುಕ್ತಾ ಆಗಿರುವಾಗ ತಪ್ಪು ನೆಲದ ಅಂದಾಜಿನದ್ದೇ ಇರಬೇಕು ಎಂದುಕೊಂಡು ಎರಡು ದಿನ 0.5 ನ್ನು ಹಿಂದೆಮುಂದೆ ಮಾಡಿದೆ. ಹಾಗೆ ನೋಡಿದರೆ ಆ ಚುಕ್ತಾ ಲೆಕ್ಕವೇ ನನ್ನ ದಾರಿ ತಪ್ಪಿಸಿದ್ದು.

ಆಮೇಲೆ ಪೆನ್ಸಿಲ್ ಹಿಡಿದೆ. ಮೊದಲ ಉಳಿಕೆ ಎಲ್ಲ ಚೌಕದಲ್ಲೂ ಒಂದೇ, 0.02. ಅದಕ್ಕೆ ಮ್ಯಾಟ್ರಿಕ್ಸ್ ಗುಣಿಸಿದರೆ ಒಳಗಿನ ಚೌಕಗಳಲ್ಲಿ ಸೊನ್ನೆ. ಹಳ್ಳದ ಪಕ್ಕದ ಸಾಲಿನಲ್ಲಿ ಮಾತ್ರ ಏನೋ ಉಳಿಯುತ್ತದೆ. ಮುಂದಿನ ಸುತ್ತಿಗೆ ಎರಡನೇ ಸಾಲು, ಆಮೇಲೆ ಮೂರನೆಯದು. ಹಳ್ಳದ ಸುದ್ದಿ ಸುತ್ತಿಗೊಂದು ಸಾಲಿನಂತೆ ಮಾತ್ರ ಮೇಲೇರುತ್ತದೆ. ಅಲ್ಲಿಯವರೆಗಿನ ಸಾಲುಗಳ ಮಟ್ಟ ಸರಿ, ಅದರಾಚೆಗೆಲ್ಲ ಸಪಾಟು. 286 ನೇ ಸುತ್ತಿಗೆ ಕೊನೆಯ 15 ಸಾಲು ಇನ್ನೂ ಸಪಾಟಾಗಿಯೇ ಇದ್ದವು. ಆ ಹದಿನೈದೂ ಕಪ್ಪು ಕಲ್ಲಿನವು.

ಅಲ್ಲಿ ಕಳೆದುಹೋದ ಏರು ಎಷ್ಟು? ಕೊನೆಯ ಸಾಲಿನಿಂದ ಹಳ್ಳದ ಕಡೆಗೆ ಬಂದರೆ ಸಾಲಿಂದ ಸಾಲಿಗೆ ದಾಟುವ ನೀರು 1, 2, 3 ಹೀಗೆ 14 ಚೌಕಗಳದ್ದು, ಒಟ್ಟು ಕೂಡಿದರೆ 105. ಅದಕ್ಕೆ 0.02 ಗುಣಿಸಿ 0.5 ರಿಂದ ಭಾಗಿಸಿದರೆ 4.2 ಮೀಟರ್. ಕಪ್ಪು ಕಲ್ಲಿನ ಪಟ್ಟಿಯಲ್ಲಿ ಮಟ್ಟ ಏರಬೇಕಿದ್ದದ್ದೇ 7.6 ಮೀಟರ್. ಇದೇ 15 ಸಾಲು ಜಂಬಿಟ್ಟಿಗೆಯಾಗಿದ್ದರೆ ತಪ್ಪು ಬರೀ 4 ಸೆಂಟಿಮೀಟರ್, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಉಳಿಕೆ ಎರಡರಲ್ಲೂ ಅಷ್ಟೇ. ಉಳಿಕೆ ಘನ ಮೀಟರಿನಲ್ಲಿ ಮಾತಾಡುತ್ತದೆ, ನಮಗೆ ಬೇಕಾದ ತಪ್ಪು ಮೀಟರಿನಲ್ಲಿ. ನಡುವೆ ನೆಲದ ಗುಣ ಕೂತಿದೆ.

ಹಾಗಾದರೆ ನೀರಿನ ಲೆಕ್ಕ ಸರಿ ಬಂದದ್ದು ಹೇಗೆ? ಈ ವಿಧಾನದಲ್ಲಿ ಆಮೇಲಿನ ಪ್ರತಿ ಉಳಿಕೆಯೂ ಮೊದಲ ಉಳಿಕೆಗೆ ಲಂಬ, ಅಂದರೆ ಎರಡನ್ನೂ ಚೌಕ ಚೌಕಕ್ಕೆ ಗುಣಿಸಿ ಕೂಡಿದರೆ ಸೊನ್ನೆ. ಮೊದಲನೆಯದು ಎಲ್ಲೆಡೆ ಒಂದೇ ಆದದ್ದರಿಂದ ಉಳಿಕೆಯ ಮೊತ್ತ ಸೊನ್ನೆ ಬರಲೇಬೇಕು. ಮೊದಲ ಸುತ್ತಿನಲ್ಲೇ ನಿಲ್ಲಿಸಿದ್ದರೂ ನೀರಿನ ಲೆಕ್ಕ ಸರಿಯೇ ಇರುತ್ತಿತ್ತು! ಮೊತ್ತದ ಬದಲು ಉಳಿಕೆಯ ಅತಿ ದೊಡ್ಡ ಅಂಕಿ ನೋಡಿದ್ದರೆ ಗುಟ್ಟು ಆಗಲೇ ರಟ್ಟಾಗುತ್ತಿತ್ತು. ಒಂದು ಸಾಲಿನಲ್ಲಿ ಅದು 0.28 ಇತ್ತು, ಇಂಗುವ ನೀರಿನ ಹದಿನಾಲ್ಕು ಪಟ್ಟು.

286 ಕ್ಕೇ ನಿಂತದ್ದು ಯಾಕೆ ಎಂಬುದಕ್ಕೆ ಮತ್ತೆ ಅದೇ ತಕ್ಕಡಿ ಕಾರಣ. ಹಳ್ಳದ ಪಕ್ಕದ ಸಾಲಿನಲ್ಲಿ ಬಲಗಡೆ 50 × 600 = 30,000 ಕೂತಿತ್ತು, b ಯ ಉದ್ದ 5.2 ಲಕ್ಷ, ಮಿತಿ 5.2. ಇಂಗುವ ನೀರು 6. ಸಮುದ್ರಮಟ್ಟದಿಂದ ಅಳೆದ ತಪ್ಪಿಗೆ ಇಷ್ಟೆಲ್ಲ ಆಯಿತು. ಹಳ್ಳದ ಮಟ್ಟವನ್ನೇ ಸೊನ್ನೆ ಎಂದಿಟ್ಟು, ಅದರ ಮೇಲಿನ ಏರನ್ನು ಮಾತ್ರ ಅಜ್ಞಾತ ಮಾಡಿಕೊಂಡೆ. ಆಗ ಬಲಗಡೆ ಇಂಗುವ ನೀರು `q` ಬಿಟ್ಟು ಬೇರೇನೂ ಇಲ್ಲ.

ಮಿತಿಯನ್ನೂ ಬಿಗಿ ಮಾಡಬೇಕಿತ್ತು. ಈ ಮ್ಯಾಟ್ರಿಕ್ಸಿನ ಕಂಡೀಷನ್ ನಂಬರ್, ಅಂದರೆ ಅತಿ ದೊಡ್ಡ ಐಗನ್ ಬೆಲೆಯನ್ನು ಅತಿ ಸಣ್ಣದರಿಂದ ಭಾಗಿಸಿದ್ದು, ಸುಮಾರು ಮೂರು ಲಕ್ಷ. ಉತ್ತರದ ತಪ್ಪಿನ ಪಾಲು ಉಳಿಕೆಯ ಪಾಲಿನ ಅಷ್ಟು ಪಟ್ಟಿನವರೆಗೂ ಇರಬಹುದು. `1e-5` ಕ್ಕೆ ಮೂರು ಲಕ್ಷ ಗುಣಿಸಿದರೆ 3 ಬರುತ್ತದೆ, ಶೇಕಡಾ 300, ಅದೇನು ಭರವಸೆ? `1e-8` ಇಟ್ಟರೆ ಸಾವಿರದಲ್ಲಿ ಮೂರು. ಅದು ಸಾಕು.

ಜಾಗಕ್ಕೊಂದು ಬಗೆಯಲ್ಲಿ ಇಂಗುವ ನಿಜವಾದ ಅಂಕಿಗಳನ್ನು ಹಾಕಿದ ಮೇಲೆ 300 ಸುತ್ತಿನಲ್ಲೇ ಮುಗಿಯುವ ಅನುಕೂಲ ಹೋಗುತ್ತದೆ, ಸುತ್ತು ಕಂಡೀಷನ್ ನಂಬರಿನ ವರ್ಗಮೂಲದ ಜೊತೆ ಬೆಳೆಯುತ್ತದೆ. ಚೌಕವನ್ನು 5 ಮೀಟರಿಗೆ ಇಳಿಸಿದರೆ ಸುತ್ತು ಎರಡು ಪಟ್ಟು, ಚೌಕ ನಾಲ್ಕು ಪಟ್ಟು, ಕೆಲಸ ಎಂಟು ಪಟ್ಟು. ಕರ್ಣದಿಂದ ಭಾಗಿಸುವ ಸಾದಾ ಪ್ರೀಕಂಡೀಷನಿಂಗ್ ಎರಡು ನೆಲಗಳ ಅಳತೆಯನ್ನು ಸಮ ಮಾಡುತ್ತದೆ, ಆದರೆ ಸುದ್ದಿ ಸಾಲು ಸಾಲಾಗಿ ಸಾಗುವುದನ್ನು ತಪ್ಪಿಸುವುದಿಲ್ಲ. ಅದಕ್ಕೆ, ದೊಡ್ಡ ದೊಡ್ಡ ಚೌಕಗಳ ಮೇಲೂ ಲೆಕ್ಕ ಮಾಡಿ ಸುದ್ದಿಯನ್ನು ಬೇಗ ದೂರ ದಾಟಿಸುವ ಮಲ್ಟಿಗ್ರಿಡ್ ಹಾಕಿದೆ.

```python
M = pyamg.ruge_stuben_solver(A).aspreconditioner()
s, info = cg(A, q, rtol=1e-8, M=M)
r = q - A @ s
print(info, abs(r).max())
```

ಮೂರನೇ ಸಾಲು ಬೇಕೇ ಬೇಕು. `cg` ತನ್ನೊಳಗಿನ ಉಳಿಕೆಯನ್ನು ಸುತ್ತಿನಿಂದ ಸುತ್ತಿಗೆ ಕಳೆಯುತ್ತಾ ಹೋಗುತ್ತದೆ, ಹೊಸದಾಗಿ ಗುಣಿಸಿ ನೋಡುವುದಿಲ್ಲ. ದಶಮಾಂಶದ ಸವಕಳಿಯಿಂದ ಎರಡೂ ಬೇರೆಯಾಗಬಹುದು.

ಹೊಸ ನಕ್ಷೆ ಕಳಿಸಿದೆ. ಕರಿಕಲ್ಲಿನ ಬಾವಿಗೂ ಲೆಕ್ಕಕ್ಕೂ ಇನ್ನೂ ಸುಮಾರು ಒಂದು ಮೀಟರ್ ವ್ಯತ್ಯಾಸ ಇದೆ. ಇದು ಮಾತ್ರ ಆ 0.5 ರದ್ದೇ, ಬಾವಿಗೆ ಪಂಪ್ ಇಟ್ಟು ನೋಡಬೇಕು.