ಡಿಎಪಿಯೋ ತಿಪ್ಪೆಗೊಬ್ಬರವೋ? ಹೊಲದಲ್ಲೇ ಮೂರು ಪಟ್ಟಿ ಮಾಡಿ ನೋಡಿ

ಜೂನ್ ತಿಂಗಳಲ್ಲಿ ಕಲಬುರಗಿಯ ಯಾವುದೇ ಗೊಬ್ಬರದಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. ‘ಸರ್ಕಾರಿ ಗೊಬ್ಬರ ಹಾಕಿ ಹಾಕಿ ಭೂಮಿ ಸತ್ತು ಹೋಗ್ಯಾದ’ ಅನ್ನುವುದು ಒಂದು. ‘ಡಿಎಪಿ ಇಲ್ಲಂದ್ರ ತೊಗರಿ ಏಳಂಗಿಲ್ಲ’ ಅನ್ನುವುದು ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳುವವರು ಒಬ್ಬರೇ. ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧ ಏನೆಂದು ತಿಳಿಯಲು ಒಂದು ಎಕರೆ ಎರೆ ಹೊಲ ಮತ್ತು ನಾಲ್ಕು ಹಂಗಾಮಿನ ತಾಳ್ಮೆ ಬೇಕು.

ಒಂದೇ ವರ್ಷದಲ್ಲಿ ತೀರ್ಪು ಕೊಡಬೇಡಿ. ತಿಪ್ಪೆಗೊಬ್ಬರದಲ್ಲಿರುವ ಸಾರಜನಕದಲ್ಲಿ ಮೊದಲ ಹಂಗಾಮಿಗೆ ಬೆಳೆಗೆ ಸಿಗುವುದು ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ಮೊದಲ ವರ್ಷ ಡಿಎಪಿ ಗೆದ್ದಂತೆ ಕಾಣುವುದು ಸಹಜ.

ಬೇಸಿಗೆಯಲ್ಲಿ: ಮಣ್ಣು ತೆಗೆಯುವುದು

ತೊಗರಿ ಕೊಯ್ಲಾದ ಮೇಲೆ, ಹೊಸ ಗೊಬ್ಬರ ಹಾಕುವ ಮೊದಲು ಮಣ್ಣಿನ ಮಾದರಿ ತೆಗೆಯಿರಿ. ಬದು, ಮರದ ನೆರಳು, ಹಿಂದೆ ತಿಪ್ಪೆ ಇದ್ದ ಜಾಗ ಬಿಟ್ಟು ಅಂಕುಡೊಂಕಾಗಿ ನಡೆಯುತ್ತ ಎಂಟು-ಹತ್ತು ಕಡೆ ಆರು ಇಂಚು ಆಳಕ್ಕೆ ಅಗೆಯಿರಿ. ಎಲ್ಲ ಮಣ್ಣನ್ನೂ ಒಂದೆಡೆ ಕಲಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮುಂದಿನ ವರ್ಷಗಳಲ್ಲೂ ಅದೇ ತಿಂಗಳಲ್ಲಿ ತೆಗೆಯಬೇಕು.

ವರದಿಯಲ್ಲಿ ಹನ್ನೆರಡು ಅಂಶ ಇರುತ್ತವೆ. ನೀವು ಮೊದಲು ನೋಡಬೇಕಾದ್ದು ಸಾವಯವ ಇಂಗಾಲ. 0.5 ಶೇಕಡಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂದರ್ಥ. ಆಮೇಲೆ ರಂಜಕ, ಗಂಧಕ, ಸತು.

ಪಟ್ಟಿ ಹಾಕುವುದು

ಹೊಲವನ್ನು ಹತ್ತತ್ತು ಗುಂಟೆಯ ಮೂರು ಉದ್ದ ಪಟ್ಟಿ ಮಾಡಿ. ಪ್ರತಿ ಪಟ್ಟಿಯೂ ಇಳಿಜಾರಿನ ಮೇಲ್ತುದಿಯಿಂದ ಕೆಳತುದಿಯವರೆಗೆ ಇರಲಿ. ಇಲ್ಲದಿದ್ದರೆ ಒಂದಕ್ಕೆ ಮೇಲಿನ ತೆಳು ಮಣ್ಣು, ಇನ್ನೊಂದಕ್ಕೆ ಕೆಳಗಿನ ಆಳ ಎರೆ ಸಿಕ್ಕು ಲೆಕ್ಕವೆಲ್ಲ ಕೆಡುತ್ತದೆ. ಬಿತ್ತನೆ ಮಾತ್ರ ಎಂದಿನಂತೆ ಇಳಿಜಾರಿಗೆ ಅಡ್ಡವಾಗಿಯೇ ನಡೆಯಲಿ. ಗುರುತಿನ ಗೂಟ ಬಂದಲ್ಲಿ ಗೊಬ್ಬರ ಬದಲಿಸಿದರೆ ಸಾಕು.

ಮೊದಲ ಪಟ್ಟಿಗೆ ಡಿಎಪಿ ಮಾತ್ರ, ಕಾಲು ಚೀಲ, ಅಂದರೆ ಹನ್ನೆರಡೂವರೆ ಕಿಲೋ. ಎರಡನೆಯದಕ್ಕೆ ತಿಪ್ಪೆಗೊಬ್ಬರ ಮಾತ್ರ, ಸುಮಾರು 625 ಕಿಲೋ. ಎಕರೆ ಲೆಕ್ಕದಲ್ಲಿ ಇದು ಎರಡೂವರೆ ಟನ್. ಮೂರನೆಯದಕ್ಕೆ ಅಷ್ಟೇ ತಿಪ್ಪೆಗೊಬ್ಬರ, ಜೊತೆಗೆ ಡಿಎಪಿ ಆರು ಕಿಲೋ. ಡಿಎಪಿಯನ್ನು ಎರಚಬೇಡಿ, ಬೀಜದಿಂದ ಎರಡು ಇಂಚು ಪಕ್ಕಕ್ಕೆ ಕೂರಿಗೆಯಲ್ಲೇ ಬೀಳಿಸಿ. ಎರೆಯಲ್ಲಿ ಸುಣ್ಣವಿದೆ. ಎರಚಿದ ರಂಜಕವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ.

ತಿಪ್ಪೆಗೊಬ್ಬರವನ್ನೇ ಡಿಎಪಿಯಷ್ಟು ಸಮಕ್ಕೆ ಹಾಕಬಾರದೇಕೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಒಂದು ಚೀಲ ಡಿಎಪಿಯಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕವಿದೆ. ಒಂದು ಟನ್ ಸಾಧಾರಣ ತಿಪ್ಪೆಗೊಬ್ಬರದಲ್ಲಿ ರಂಜಕ ಸಿಗುವುದು ಎರಡು ಕಿಲೋ ಆಸುಪಾಸು. ಒಂದು ಚೀಲಕ್ಕೆ ಸರಿಗಟ್ಟಲು ಎಕರೆಗೆ ಹನ್ನೊಂದು ಟನ್ ಮೇಲೆ ಬೇಕು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಯಲ್ಲಿ, ಇದ್ದ ಸಗಣಿಯೂ ಕುಳ್ಳಾಗಿ ಒಲೆಗೆ ಹೋಗುವಲ್ಲಿ, ಅಷ್ಟು ಎಲ್ಲಿಂದ ತರುತ್ತೀರಿ? ‘ಎಲ್ಲ ಬಿಟ್ಟು ಸಾವಯವಕ್ಕೆ ಬನ್ನಿ’ ಎಂದು ಭಾಷಣ ಮಾಡುವವರು ಈ ಲೆಕ್ಕ ಹೇಳುವುದನ್ನು ನಾನಂತೂ ಕೇಳಿಲ್ಲ.

ಇರುವ ಗೊಬ್ಬರವನ್ನೂ ನಾವೇ ಕೆಡಿಸುತ್ತೇವೆ. ಮೇ ಬಿಸಿಲಿನಲ್ಲಿ ಬಂಡಿಯಿಂದ ಇಳಿಸಿದ ಸಣ್ಣ ಗುಡ್ಡೆಗಳು ವಾರಗಟ್ಟಲೆ ಹೊಲದಲ್ಲಿ ಬಿದ್ದಿರುತ್ತವೆ. ಸಾರಜನಕ ಗಾಳಿಗೆ ಹೋಗುತ್ತದೆ, ಉಳಿಯುವುದು ಕಸದ ಬೀಜ. ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಒಳಗೆ ಕೈ ಹಾಕಿದಾಗ ಇನ್ನೂ ಬಿಸಿ ಇದ್ದರೆ, ಹುಲ್ಲಿನ ಕಡ್ಡಿ ಮುರಿಯದೆ ಬಾಗಿದರೆ, ಅದು ಕಳಿತಿಲ್ಲ, ಹಾಕಬೇಡಿ.

ಗ್ಲಾಸಿನಲ್ಲಿ ಹೆಂಟೆ

ಇದು ನನ್ನ ಮೆಚ್ಚಿನ ಪರೀಕ್ಷೆ, ಖರ್ಚಿಲ್ಲ. ಪ್ರತಿ ಪಟ್ಟಿಯಿಂದ ಕಡಲೆಕಾಳಿನಷ್ಟು ದಪ್ಪದ ಹೆಂಟೆ ತಂದು ನೆರಳಲ್ಲಿ ಪೂರ್ತಿ ಒಣಗಿಸಿ. ನೀರು ತುಂಬಿದ ಗಾಜಿನ ಗ್ಲಾಸುಗಳಲ್ಲಿ ಒಂದೊಂದನ್ನು ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ಹತ್ತು ನಿಮಿಷ ನೋಡಿ. ಹಲವು ವರ್ಷ ಉಳದೆ ಬಿಟ್ಟ ಬದುವಿನ ಹೆಂಟೆಯೂ ಒಂದು ಇರಲಿ, ಹೋಲಿಕೆಗೆ. ಬದುವಿನದು ಗುಳ್ಳೆ ಬಿಟ್ಟು ಸುಮ್ಮನೆ ಕೂತಿರುತ್ತದೆ. ಇಂಗಾಲ ಬತ್ತಿದ ಹೊಲದ್ದು ಪುಡಿಪುಡಿಯಾಗಿ ತಳಕ್ಕೆ ಕುಸಿಯುತ್ತದೆ. ಮಳೆ ಬಿದ್ದಾಗ ಆಗುವುದೂ ಇದೇ: ಮೇಲ್ಮಣ್ಣು ಕುಸಿದು ಪದರ ಕಟ್ಟುತ್ತದೆ, ನೀರು ಇಂಗದೆ ಹರಿದು ಹೋಗುತ್ತದೆ.

ಕುಸಿಯುವುದರ ಜೊತೆಗೆ ನೀರು ಹಾಲಿನಂತೆ ಕದಡಿ ಗಂಟೆಗಟ್ಟಲೆ ತಿಳಿಯಾಗದಿದ್ದರೆ ಮಾತ್ರ ಕಥೆ ಬೇರೆ. ಅದು ಸೋಡಿಯಂನ ಗುರುತು, ಸವಳು-ಕರಲಿನ ಕಡೆ ಹೊರಟ ಭೂಮಿ. ಅಲ್ಲಿ ಗೊಬ್ಬರದ ಜಗಳ ಬಿಟ್ಟು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಜಿಪ್ಸಂ ಬೇಕೆಂದು ಕೇಳಿ.

ಅಂಕಿ ಏಕೆ ಏರುವುದಿಲ್ಲ?

ಎರಡನೇ ವರ್ಷ ವರದಿ ನೋಡಿ ನಿರಾಶರಾಗುವವರೇ ಹೆಚ್ಚು. ಇಂಗಾಲ ಇದ್ದಲ್ಲೇ ಇರುತ್ತದೆ. ಒಂದು ಎಕರೆಯ ಆರಿಂಚು ಮಣ್ಣಿನ ತೂಕ ಸುಮಾರು ಎಂಟು ಲಕ್ಷ ಕಿಲೋ. ಇಂಗಾಲವನ್ನು 0.1 ಶೇಕಡ ಏರಿಸಲು 800 ಕಿಲೋ ಇಂಗಾಲ ಮಣ್ಣಲ್ಲಿ ಉಳಿಯಬೇಕು. ಎರಡೂವರೆ ಟನ್ ಗೊಬ್ಬರದಲ್ಲಿ ಅರ್ಧ ನೀರು. ಒಣ ಭಾಗದಲ್ಲಿ ಮೂರರಲ್ಲೊಂದು ಪಾಲು ಇಂಗಾಲ ಎಂದರೆ 400 ಕಿಲೋ. ಅದರಲ್ಲೂ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಐದರಲ್ಲೊಂದು ಉಳಿದರೂ ವರ್ಷಕ್ಕೆ 80 ಕಿಲೋ. ಅಂದಾಜಿನ ಲೆಕ್ಕವೇ ಆದರೂ ಹತ್ತು ವರ್ಷದ ಕೆಲಸ ಎಂಬುದು ಗೊತ್ತಾಗುತ್ತದೆ. ಹೆಂಟೆ ಪರೀಕ್ಷೆ ಅದಕ್ಕಿಂತ ಎಷ್ಟೋ ಮೊದಲೇ ಮಾತಾಡುತ್ತದೆ.

ಹಾಗೆಂದು ರಾಸಾಯನಿಕ ಗೊಬ್ಬರ ಇಂಗಾಲ ತಿನ್ನುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ, ನಮ್ಮಂಥದ್ದೇ ಎರೆಯಲ್ಲಿ, 1976ರಿಂದ ಒಂದು ಪ್ರಯೋಗ ನಡೆಯಿತು. ಒಂದು ಕಡೆ ಹಳೇ ಪದ್ಧತಿ: ತಿಪ್ಪೆಗೊಬ್ಬರ, ಮುಂಗಾರಿನಲ್ಲಿ ಹೊಲ ಬೀಳು. ಇನ್ನೊಂದು ಕಡೆ ಅಗಲ ಮಡಿ ಮಾಡಿ, ನೀರು ಇಂಗಿಸಿ, ಅಳತೆಯ ರಾಸಾಯನಿಕ ಗೊಬ್ಬರ ಕೊಟ್ಟು ಬೆಳೆದ ಜೋಳ-ತೊಗರಿ ಅಕ್ಕಡಿ. ದಶಕಗಳ ನಂತರ ಮಣ್ಣಿನ ಇಂಗಾಲ ಹೆಚ್ಚಿದ್ದದ್ದು ಎರಡನೆಯದರಲ್ಲಿ. ಬೆಳೆ ಹುಲುಸಾದರೆ ಬೇರು ಹೆಚ್ಚು, ಉದುರುವ ಎಲೆ ಹೆಚ್ಚು. ಅದೂ ಮಣ್ಣಿಗೆ ಗೊಬ್ಬರವೇ.

ಯೂರಿಯಾ, ಡಿಎಪಿ ಭೂಮಿಯನ್ನು ಹುಳಿ ಮಾಡುತ್ತವೆ ಎಂಬ ಮಾತಿಗೂ ಜಾಗ ನೋಡಬೇಕು. ಸುಣ್ಣದ ಹರಳಿರುವ ಎರೆಯಲ್ಲಿ ಅದು ನಡೆಯುವುದಿಲ್ಲ, ರಸಸಾರ 8ರ ಆಸುಪಾಸಲ್ಲೇ ನಿಲ್ಲುತ್ತದೆ. ಬೀದರಿನ ಕೆಮ್ಮಣ್ಣಿನಲ್ಲಿ ಸುಣ್ಣ ಇಲ್ಲ, ಅಲ್ಲಿ ವರ್ಷವರ್ಷವೂ ಬರೀ ಚೀಲದ ಗೊಬ್ಬರ ಹಾಕಿದರೆ ರಸಸಾರ ಇಳಿಯಬಹುದು.

ಎರೆಯಲ್ಲಿ ಡಿಎಪಿ ಪಟ್ಟಿ ಕೈಕೊಡುವುದು ಬೇರೆ ಕಾರಣಕ್ಕೆ. ಆ ಚೀಲದಲ್ಲಿ ಗಂಧಕವೂ ಇಲ್ಲ, ಸತುವೂ ಇಲ್ಲ. ಪ್ರತಿ ಕೊಯ್ಲಿನಲ್ಲೂ ಎರಡೂ ಹೊಲದಿಂದ ಆಚೆ ಹೋಗುತ್ತವೆ. ಎಳೆ ಎಲೆ ಹಳದಿಯಾದರೆ ಗಂಧಕವನ್ನು ಅನುಮಾನಿಸಿ, ವರದಿಯಲ್ಲಿ ಖಚಿತ ಮಾಡಿಕೊಳ್ಳಿ. ಕಡಿಮೆ ಇದ್ದರೆ ಮುಂದಿನ ಸಲ ಎಕರೆಗೆ ಒಂದು ಚೀಲ ಡಿಎಪಿ ಬದಲು ಮೂರು ಚೀಲ ಸೂಪರ್ ಫಾಸ್ಫೇಟ್, ಇಪ್ಪತ್ತು ಕಿಲೋ ಯೂರಿಯಾ ಹಾಕಿ. ರಂಜಕ, ಸಾರಜನಕ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತವೆ, ಜೊತೆಗೆ ಹದಿನಾರು ಕಿಲೋ ಗಂಧಕ.

ನಾಲ್ಕನೇ ಹಂಗಾಮಿನಲ್ಲಿ ಮಳೆ ಹದಿನೈದು ದಿನ ಕೈಕೊಟ್ಟಾಗ ನಡುಮಧ್ಯಾಹ್ನ ಹೊಲಕ್ಕೆ ಹೋಗಿ. ಮೂರು ಪಟ್ಟಿಯಲ್ಲಿ ಮೊದಲು ಎಲೆ ಬಾಡಿಸಿದ್ದು ಯಾವುದು, ಬಿರುಕು ಎಲ್ಲಿ ಅಗಲ ಎಂದು ನೋಡಿ ಬರೆದಿಡಿ. ಕೊಯ್ಲಿನ ದಿನ ಮೂರರ ಕಾಳನ್ನೂ ಬೇರೆ ಬೇರೆ ಚೀಲದಲ್ಲಿ ತೂಗಿಸಿ, ಕೂಲಿಯವರು ಅವಸರದಲ್ಲಿ ಒಂದೇ ರಾಶಿ ಮಾಡುವ ಮೊದಲು.