ನನ್ನದೇ ಕೈಬರಹದಲ್ಲಿ ಸಿಕ್ಕಿಬಿದ್ದೆ

ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಮನೆಯ ಖರ್ಚನ್ನೂ ದಿನಚರಿಯಲ್ಲಿ ಬರೆದಿಡುವುದು ಮದುವೆಯಾದಂದಿನಿಂದ ನಡೆದುಬಂದ ರೂಢಿ. 'ನಮ್ಮಲ್ಲಿ ಮಗ, ಮಗಳು ಎಂಬ ಭೇದವಿಲ್ಲ' ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದ ನನ್ನ ಮಾತು ಸುಳ್ಳೆಂದು ತೋರಿಸಿದ್ದೂ ಅದೇ ದಿನಚರಿ.

2023ರ ಮೇ ತಿಂಗಳು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಸಿಇಟಿ ತರಬೇತಿಯೂ ಇರುವ ಪಿಯು ಕಾಲೇಜಿಗೆ ಸೇರುತ್ತೇನೆ ಎಂದಳು. ಶುಲ್ಕ ವರ್ಷಕ್ಕೆ 62,000. 'ನೀನು ಹೇಗೂ ಓದುತ್ತೀಯ, ಸರ್ಕಾರಿ ಕಾಲೇಜು ಸಾಕಲ್ಲವೇ?' ಎಂದೆ. ಅವಳು ಸರಿ ಎಂದು ಒಳಗೆ ಹೋದಳು. ಅಲ್ಲೇ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು: 'ಇವಳ ತಮ್ಮನಾಗಿದ್ದರೆ ಇದೇ ಮಾತು ಹೇಳುತ್ತಿದ್ದಿರಾ?'

ಆ ರಾತ್ರಿ ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮಗಳು ಮಗನಿಗಿಂತ ಮೂರು ವರ್ಷ ದೊಡ್ಡವಳು. ಈ ವರ್ಷ ಯಾರಿಗೆಷ್ಟು ಖರ್ಚಾಯಿತು ಎಂದು ನೋಡಿದರೆ ದೊಡ್ಡ ತರಗತಿಯ ಖರ್ಚೇ ಹೆಚ್ಚಾಗಿ ಕಂಡು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಬಹುದು. ಅದಕ್ಕೇ ತರಗತಿಗೆ ತರಗತಿ ಹೋಲಿಸಿದೆ. ಐದರಿಂದ ಏಳನೆಯ ತರಗತಿಯವರೆಗೆ ಅನುದಾನಿತ ಕನ್ನಡ ಶಾಲೆಯಲ್ಲಿ ಮಗಳಿಗೆ ಆದ ಖರ್ಚು 27,000. ಅದೇ ಮೂರು ತರಗತಿಗೆ ಮಗನ ಇಂಗ್ಲಿಷ್ ಮಾಧ್ಯಮದ ಶಾಲೆ, ವ್ಯಾನು, ಟ್ಯೂಷನ್, ಮೊಬೈಲ್ ಎಲ್ಲ ಸೇರಿ 1,16,000. ನಡುವೆ ಬೆಲೆ ಏರಿದ್ದನ್ನು ಕಳೆದರೂ ಮೂರು ಪಟ್ಟಿಗಿಂತ ಕೆಳಗೆ ಬರಲಿಲ್ಲ.

ಮೊತ್ತಕ್ಕಿಂತ ನನ್ನನ್ನು ಚುಚ್ಚಿದ್ದು ಒಂದೊಂದು ಖರ್ಚಿನ ಪಕ್ಕದಲ್ಲಿ ನಾನೇ ಬರೆದ ಕಾರಣ. 2020ರಲ್ಲಿ, ಶಾಲೆಗಳು ಮುಚ್ಚಿದ್ದಾಗ, 'ಆನ್‌ಲೈನ್ ತರಗತಿಗೆ ಮೊಬೈಲ್, ಮಗನಿಗೆ, 11,000' ಎಂದು ಬರೆದಿದ್ದೆ. ಆಗ ಎಂಟನೆಯ ತರಗತಿಯಲ್ಲಿದ್ದ ಮಗಳು, ತಾಯಿಯ ಕೆಲಸ ಮುಗಿದ ಮೇಲೆ ತಾಯಿಯ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಟ್ಯೂಷನ್ ಮುಂದೆ 'ಗಣಿತದಲ್ಲಿ ಹಿಂದೆ' ಎಂದಿತ್ತು. ಅವನು ಹಿಂದೆ ಬಿದ್ದರೆ ಅದಕ್ಕೆ ದುಡ್ಡು ಸುರಿದೆವು. ಅವಳು ಮುಂದಿದ್ದರೆ ದುಡ್ಡು ಉಳಿಯಿತು ಎಂದುಕೊಂಡೆವು. ಅವಳ ಜಾಣತನ ನಮಗೆ ಉಳಿತಾಯದ ಬಾಬತ್ತಾಗಿತ್ತು.

ಇನ್ನೆರಡು ಪಾಸ್‌ಬುಕ್‌ಗಳಿದ್ದವು. ಮಗನ ಹೆಸರಿನ ಆರ್‌ಡಿ ಮೇಲೆ 'ಇಂಜಿನಿಯರಿಂಗ್', ಮಗಳಿಗೆ 2015ರಲ್ಲಿ ತೆರೆದ ಸುಕನ್ಯಾ ಸಮೃದ್ಧಿ ಖಾತೆಯ ಮೇಲೆ 'ಮದುವೆ' ಎಂದು ಬರೆದಿದ್ದೆ. ಹತ್ತನೆಯ ತರಗತಿ ಮುಗಿಸಿದ ಅಥವಾ ಹದಿನೆಂಟು ತುಂಬಿದ ಮಗಳ ಉನ್ನತ ಓದಿಗೆ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿ ಇದ್ದ ಹಣದ ಅರ್ಧದವರೆಗೆ ಆ ಖಾತೆಯಿಂದ ತೆಗೆಯಬಹುದು. ಈ ನಿಯಮವನ್ನು ಊರವರಿಗೆಲ್ಲ ನಾನೇ ವಿವರಿಸಿ ಹೇಳುತ್ತಿದ್ದೆ. ಮನೆಯ ಖಾತೆಯ ಬಗ್ಗೆ ಮಾತ್ರ ಅದು ತಲೆಗೆ ಹೊಳೆದಿರಲಿಲ್ಲ.

ಇಬ್ಬರಿಗೂ ವರ್ಷಕ್ಕೆ ಇಷ್ಟೇ ರೂಪಾಯಿ ಎಂದು ಸಮನಾಗಿ ಹಂಚುವುದು ಮೊದಲು ಹೊಳೆದ ದಾರಿ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಎಂಟನೆಯ ತರಗತಿಗೂ ಪಿಯುಸಿಗೂ ಒಂದೇ ಮೊತ್ತ ಹೊಂದುವುದಾದರೂ ಹೇಗೆ? ಕೊನೆಗೆ ಆರ್‌ಡಿ ಇಬ್ಬರದು ಎಂದಾಯಿತು. ಒಬ್ಬರಿಗೆ ಯಾವ ಹಂತದಲ್ಲಿ ಎಷ್ಟು ಕೊಡುತ್ತೇವೋ ಇನ್ನೊಬ್ಬರಿಗೂ ಆ ಹಂತದಲ್ಲಿ ಅಷ್ಟು ಕೊಡಲು ತಯಾರಿರಬೇಕು ಎಂದಾಯಿತು. ಪ್ರತಿ ಖರ್ಚಿಗೂ ಮೊದಲು, ಇನ್ನೊಂದು ಮಗುವಾಗಿದ್ದರೆ ಇದನ್ನು ಮಾಡುತ್ತಿದ್ದೆನೇ ಎಂಬ ಒಂದು ಪ್ರಶ್ನೆ. ಮಗಳು ತಾನು ಕೇಳಿದ ಕಾಲೇಜಿಗೇ ಸೇರಿದಳು. ಆ ಜೂನ್‌ನಲ್ಲೇ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಅವಳ ಓಡಾಟ ಉಚಿತವಾಯಿತು. ಬಸ್ ಪಾಸಿಗೆಂದು ತೆಗೆದಿಟ್ಟಿದ್ದ ಹಣ ಮಗನ ಕ್ರಿಕೆಟ್ ಶಿಬಿರಕ್ಕೆ ಜಾರುವುದರಲ್ಲಿತ್ತು. ಹೆಂಡತಿ ತಡೆದು ಮಗಳ ಪುಸ್ತಕಗಳ ಬಾಬತ್ತಿಗೆ ಬರೆಸಿದಳು.

ಮನೆಕೆಲಸದ ಲೆಕ್ಕ ಇದಕ್ಕಿಂತ ಕಷ್ಟವಾಯಿತು. ಒಂದು ವಾರ ಗಡಿಯಾರ ನೋಡಿ ಬರೆದೆ. ಅಂಗಳ ಗುಡಿಸಿ ರಂಗೋಲಿ, ಬೆಳಗಿನ ಪಾತ್ರೆ, ಸಂಜೆ ಬಟ್ಟೆ ಮಡಿಸುವುದು, ರಾತ್ರಿ ತಟ್ಟೆ ಹಾಕುವುದು: ಮಗಳಿಗೆ ದಿನಕ್ಕೆ ಒಂದೂ ಮುಕ್ಕಾಲು ಗಂಟೆ. ಹಾಲು ತರುವುದು, ಅಂಗಡಿಗೆ ಹೋಗುವುದು: ಮಗನಿಗೆ ಇಪ್ಪತ್ತು ನಿಮಿಷ, ಅದರಲ್ಲಿ ಅರ್ಧ ಬೀದಿಯ ಕೊನೆಯಲ್ಲಿ ಗೆಳೆಯರೊಂದಿಗೆ ಹರಟೆ. ಸಮಯಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿತ್ತು. ಅವನ ಕೆಲಸ ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ. ಅವಳ ಕೆಲಸ ಹೊತ್ತಿಗೆ ಕಟ್ಟಿದ್ದು, ಅದೂ ಓದುವ ಹೊತ್ತಿಗೇ. ಆದ್ದರಿಂದ ಮಗನಿಗೆ ಇನ್ನೆರಡು ಅಂಗಡಿ ಕೆಲಸ ಹೆಚ್ಚಿಸಿ ಸಮ ಮಾಡಿದೆವು ಎನ್ನುವಂತಿರಲಿಲ್ಲ. ಹೊತ್ತಿಗೆ ಕಟ್ಟಿದ ಕೆಲಸ ಒಂದನ್ನಾದರೂ, ನೆನಪಿಟ್ಟುಕೊಳ್ಳುವ ಭಾರವನ್ನೂ ಸೇರಿಸಿ, ಪೂರ್ತಿ ಅವನಿಗೇ ವಹಿಸಬೇಕಿತ್ತು.

ಹೊಸ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮಗ ಓದಿ, 'ಅಪ್ಪ, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?' ಎಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ರಾತ್ರಿಯ ಪಾತ್ರೆ ಅಂದಿನಿಂದ ನನ್ನದು.

ಮಗನಿಗೆ ಬಂದದ್ದು ದೋಸೆ ಹಿಟ್ಟು. ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ. ಮಧ್ಯಾಹ್ನ ನೆನೆಹಾಕಿ ಸಂಜೆ ರುಬ್ಬಬೇಕು. ಮೊದಲ ಎರಡು ವಾರ ಎಲ್ಲ ಸುಸೂತ್ರ. ಇಷ್ಟು ಸುಲಭವೇ ಎಂದು ನನಗೇ ಅನುಮಾನ ಬಂತು. ಒಂದು ಭಾನುವಾರ ನೋಡಿದರೆ, ಅವನು ಆಟಕ್ಕೆ ಹೋದ ಮೇಲೆ ನನ್ನ ಅಮ್ಮ ಸದ್ದಿಲ್ಲದೆ ಅಕ್ಕಿ ತೊಳೆಯುತ್ತಿದ್ದಾರೆ. ಅಮ್ಮ ಇಲ್ಲದ ದಿನ ಮಗಳು 'ಅಕ್ಕಿ ನೆನೆಹಾಕಿದೆಯೇನೋ?' ಎಂದು ಮೂರು ಬಾರಿ ಕೇಳುತ್ತಿದ್ದಳಂತೆ. ಪಟ್ಟಿಯಲ್ಲಿ ಅವನ ಹೆಸರು, ನೆನಪು ಹೆಂಗಸರದು.

'ಅಮ್ಮಾ, ಇನ್ನು ನೀವು ಮುಟ್ಟಬೇಡಿ, ಯಾರೂ ನೆನಪಿಸಲೂ ಬೇಡಿ' ಎಂದೆ. 'ಗಂಡು ಮಗು ಕಣಪ್ಪಾ' ಎಂದು ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮುಂದಿನ ವಾರವೇ ಅವನು ಮರೆತ. ಬೆಳಿಗ್ಗೆ ಹಿಟ್ಟಿಲ್ಲ. ಎಲ್ಲರೂ ಒಗ್ಗರಣೆ ಹಾಕಿದ ಅವಲಕ್ಕಿ ತಿಂದೆವು. ಅದನ್ನು ಮಾಡಿದ್ದೂ ಅವನೇ, ಸಾಸಿವೆ ಸೀದು ಕಹಿಯಾಗಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ಆಮೇಲೂ ಎರಡು ಸಲ ಮರೆತ, ನಂತರ ಮೊಬೈಲಿನಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡ.

ಸ್ವಾತಂತ್ರ್ಯದ ವಿಷಯದಲ್ಲಿ ನಾನು ಎಡವಿದೆ. ಮಗಳು ಏಳಕ್ಕೆ ಮನೆ ಸೇರಬೇಕಿತ್ತು, ಮಗನಿಗೆ ಹೊತ್ತೇ ಇರಲಿಲ್ಲ. ಸಮ ಮಾಡುವ ಆತುರದಲ್ಲಿ ಅವನಿಗೂ ಏಳು ಗಂಟೆ ಎಂದೆ. ಅವನು ಅಕ್ಕನ ಮೇಲೆ ಹಲ್ಲು ಕಡಿದ, ಅವಳಿಗೆ ಸಿಕ್ಕಿದ್ದೇನೂ ಇಲ್ಲ. ಅವಳು ತಡವಾಗಿ ಬಂದರೆ ನಿಮಗೆ ಭಯ ಯಾವುದಕ್ಕೆ ಎಂದು ಹೆಂಡತಿ ಕೇಳಿದಳು. ಯೋಚಿಸಿದರೆ ಭಯವೆಲ್ಲ ಬಸ್ ನಿಲ್ದಾಣದ ಹಿಂದಿನ, ದೀಪವಿಲ್ಲದ ಓಣಿಯದು. ಇಬ್ಬರಿಗೂ ಎಂಟೂವರೆ ಎಂದು ಬದಲಿಸಿದೆವು: ಎಲ್ಲಿಗೆ, ಯಾರೊಡನೆ ಎಂದು ಇಬ್ಬರೂ ಹೇಳಿ ಹೋಗಬೇಕು, ಕತ್ತಲಾದ ಮೇಲೆ ಇಬ್ಬರೂ ಮುಖ್ಯರಸ್ತೆಯಲ್ಲೇ ಬರಬೇಕು. ಓಣಿಯ ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಮಗಳು ಬರುವ ಹೊತ್ತಿಗೆ ನಾನಿನ್ನೂ ಗೇಟಿನ ಬಳಿ ಹೋಗಿ ನಿಲ್ಲುತ್ತೇನೆ. ಮಗ ಬರುವಾಗ ನಿಲ್ಲಲು ನೆನಪಾಗುವುದು ಅಪರೂಪ.

2025ರಲ್ಲಿ ಮಗಳು ಬಿ.ಎಸ್‌ಸಿ. ಸೇರಿದಾಗ ಶುಲ್ಕ ಕಟ್ಟಿದ್ದು ಸುಕನ್ಯಾ ಖಾತೆಯಿಂದ. ಪ್ರವೇಶ ಪತ್ರ ಮತ್ತು ಶುಲ್ಕದ ರಸೀದಿ ಕೊಟ್ಟೆವು. ವಿಷಯ ತಿಳಿದ ನನ್ನ ಅಕ್ಕ, 'ಮದುವೆಗೇನು ಮಾಡುತ್ತೀಯೋ?' ಎಂದು ಫೋನು ಮಾಡಿದಳು. ಉತ್ತರ ಹುಡುಕುತ್ತಿದ್ದಾಗ ಅಡುಗೆಮನೆಯಲ್ಲಿ ಅಲಾರಂ ಹೊಡೆಯಿತು. ಮಗ ಎದ್ದು ಹೋದ. ಅಮ್ಮ ಕುರ್ಚಿಯಿಂದಲೇ ಕತ್ತು ಚಾಚಿ, ಅವನು ಅಕ್ಕಿಯನ್ನು ಎಷ್ಟು ಸಲ ತೊಳೆಯುತ್ತಾನೆ ಎಂದು ಎಣಿಸುತ್ತಿದ್ದರು.