ವಾಟ್ಸ್‌ಆ್ಯಪ್ ಮೆಸೇಜು ರಾಜೀನಾಮೆ ಪತ್ರವಾಗುವುದು ಹೇಗೆ?

ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದರ ಎಂಜಿನಿಯರ್‌ಗೆ ಎಂ.ಟೆಕ್ ಸೀಟು ಸಿಕ್ಕಿದೆ ಎಂದುಕೊಳ್ಳೋಣ. ಮೇ 25ರಂದು ಮ್ಯಾನೇಜರಿಗೆ ಹೋಗುವ ಮೆಸೇಜು ಹೆಚ್ಚುಕಡಿಮೆ ಹೀಗಿರುತ್ತದೆ:

"ಸರ್, ನಂದು ಎಂ.ಟೆಕ್ ಸೀಟ್ ಪಕ್ಕಾ ಆತ್ರಿ. ಜುಲೈ 27ಕ್ಕ ಕ್ಲಾಸ್ ಚಾಲೂ. ಕೆಲಸ ಬಿಡಬೇಕಂತ ಮಾಡೇನ್ರಿ. ಎರಡು ವರ್ಷದಿಂದ ಪಗಾರನೂ ಏರಿಲ್ಲ. ರಜಾ ಉಳದಾವು, ಅದರಾಗ ಅಡ್ಜಸ್ಟ್ ಮಾಡಿ ಲಗೂನ ಬಿಡ್ರಿ."

ಮ್ಯಾನೇಜರು "ಆತು, ನೋಡೋಣು" ಎಂದು ಉತ್ತರಿಸುತ್ತಾರೆ. ಇವರು ರಾಜೀನಾಮೆ ಕೊಟ್ಟಾಯಿತು ಎಂದು ಸುಮ್ಮನಾಗುತ್ತಾರೆ. ಎಡವಟ್ಟು ಆಗುವುದೇ ಇಲ್ಲಿ. ನೋಟಿಸ್ ಅವಧಿಯ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಎಚ್‌ಆರ್‌ಗೆ ಮೇಲ್ ತಲುಪಿದ ದಿನದಿಂದ, ಮೆಸೇಜಿನ ದಿನದಿಂದಲ್ಲ.

ಆದ್ದರಿಂದ ಮೊದಲು ನೇಮಕಾತಿ ಪತ್ರ ತೆಗೆದು ನೋಟಿಸ್ ಎಷ್ಟು ದಿನ ಎಂದು ನೋಡಿ. 30, 60, 90 ದಿನ ಎಲ್ಲವೂ ಚಾಲ್ತಿಯಲ್ಲಿವೆ. ನಮ್ಮ ಉದಾಹರಣೆಯಲ್ಲಿ 60 ಎಂದಿರಲಿ. ಮೇ 25ಕ್ಕೆ ಮೇಲ್ ಹೋದರೆ ಮರುದಿನದಿಂದ ಎಣಿಸಿ: ಮೇನಲ್ಲಿ 6, ಜೂನ್‌ನಲ್ಲಿ 30, ಜುಲೈನಲ್ಲಿ 24. ಕೊನೆಯ ದಿನ ಜುಲೈ 24, ಕ್ಲಾಸಿಗೆ ಮೂರು ದಿನ ಮೊದಲು. ಅದೇ ಮೇಲ್ ಜೂನ್ 5ಕ್ಕೆ ಹೋದರೆ ಕೊನೆಯ ದಿನ ಆಗಸ್ಟ್ 4. ಆಗ ಜುಲೈ 24ಕ್ಕೇ ಹೊರಡಬೇಕೆಂದರೆ 11 ದಿನ ಕೊರೆ ಬೀಳುತ್ತದೆ. ಆ ದಿನಗಳ ಪಗಾರವನ್ನು ಕಂಪನಿ ಅಂತಿಮ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು. ಮೂಲ ವೇತನದ ಮೇಲೋ ಪೂರ್ತಿ ಪಗಾರದ ಮೇಲೋ ಎಂಬುದೂ ಅದೇ ನೇಮಕಾತಿ ಪತ್ರದಲ್ಲಿರುತ್ತದೆ.

ಈಗ ಮೆಸೇಜನ್ನು ಒಂದೊಂದೇ ಸಾಲು ತಿದ್ದೋಣ. "ಬಿಡಬೇಕಂತ ಮಾಡೇನ್ರಿ" ಎಂಬುದು ವಿಚಾರ ಮಾತ್ರ, ರಾಜೀನಾಮೆಯಲ್ಲ. ಪತ್ರದಲ್ಲಿ "ರಾಜೀನಾಮೆ ನೀಡುತ್ತಿದ್ದೇನೆ" ಎಂದೇ ಬರಬೇಕು. ಪಗಾರದ ಸಾಲನ್ನು ಪೂರ್ತಿ ತೆಗೆಯಿರಿ. ಅದು ಸುಳ್ಳೆಂದಲ್ಲ, ಪತ್ರ ಕಡತದಲ್ಲಿ ಉಳಿಯುತ್ತದೆ, ಓದು ಮುಗಿಸಿ ಬೇರೆ ಕೆಲಸಕ್ಕೆ ಹೋದಾಗ ಇದೇ ಮ್ಯಾನೇಜರಿಗೆ ಫೋನು ಬರಬಹುದು. ಹೇಳಲೇಬೇಕೆಂದಿದ್ದರೆ ಎಚ್‌ಆರ್ ಕೊನೆಗೆ ಕೂರಿಸಿ ಮಾತಾಡಿಸುವಾಗ ಹೇಳಿ.

ಎಲ್ಲಕ್ಕಿಂತ ತ್ರಾಸು ಕೊಡುವ ಮಾತು "ಲಗೂನ ಬಿಡ್ರಿ". ತಾರೀಖಿಲ್ಲದ ಈ ಮಾತನ್ನು ಎಚ್‌ಆರ್ "ನೋಟಿಸ್ ಪೂರೈಸದೆ ಹೋಗುತ್ತೇನೆಂದು ಇವರೇ ಕೇಳಿದ್ದಾರೆ" ಎಂದು ಓದಬಹುದು. ಉಳಿದ ರಜೆಯದೂ ಇದೇ ಕಥೆ. ಹಲವು ಕಂಪನಿಗಳಲ್ಲಿ ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೊನೆಯ ದಿನವೇ ಅಷ್ಟು ಮುಂದೆ ಹೋಗುತ್ತದೆ. ಹಾಗಾಗಿ ರಜೆಯ ಮಾತನ್ನು ಈ ಪತ್ರದಲ್ಲಿ ಬೆರೆಸದೆ, ಎಚ್‌ಆರ್‌ಗೆ ಬೇರೆ ಮೇಲ್‌ನಲ್ಲಿ ಕೇಳುವುದು ಲೇಸು.

ತಿದ್ದಿದ ಪತ್ರ ಇಷ್ಟೇ. ಆಫೀಸಿಗೆ ಇಂಗ್ಲಿಷಿನಲ್ಲಿ ಬರೆದರೂ ಸಾಲುಗಳ ಕ್ರಮ ಇದೇ ಇರಲಿ:

ವಿಷಯ: ರಾಜೀನಾಮೆ – (ಹೆಸರು, ಉದ್ಯೋಗಿ ಸಂಖ್ಯೆ)

ಮಾನ್ಯರೇ,
ಪೂರ್ಣಾವಧಿ ಎಂ.ಟೆಕ್ ವ್ಯಾಸಂಗಕ್ಕೆ ಸೇರುತ್ತಿರುವುದರಿಂದ ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಂತೆ 60 ದಿನಗಳ ನೋಟಿಸ್ ನಾಳೆಯಿಂದ (ಮೇ 26) ಜಾರಿಯಾಗಿ, ಜುಲೈ 24 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ನಾನು ನೋಡಿಕೊಳ್ಳುತ್ತಿರುವ ಬಿಲ್ಲಿಂಗ್ ಮಾಡ್ಯೂಲ್ ಅನ್ನು ಜುಲೈ 10ರೊಳಗೆ ತಾವು ಸೂಚಿಸಿದವರಿಗೆ ವಹಿಸಿಕೊಡುತ್ತೇನೆ. ಕೊನೆಯ ದಿನವನ್ನು ಖಚಿತಪಡಿಸಿ ಉತ್ತರಿಸಬೇಕೆಂದು ವಿನಂತಿ. ಇಲ್ಲಿಯವರೆಗಿನ ಸಹಕಾರಕ್ಕೆ ಧನ್ಯವಾದಗಳು.

ಕಾಲೇಜಿನ ಹೆಸರು ಬೇಕಿಲ್ಲ, ಕ್ಲಾಸಿನ ತಾರೀಖೂ ಬೇಕಿಲ್ಲ. ಜುಲೈ 10 ಎಂದು ಹಾಕಿದ್ದಕ್ಕೆ ಕಾರಣವುಂಟು: ಕೋಡ್ ವಹಿಸಿಕೊಂಡವರು ಅದನ್ನು ಮುಟ್ಟಿ ನೋಡಿ ಪ್ರಶ್ನೆ ಕೇಳಲು ಎರಡು ವಾರ ಸಿಗಬೇಕು. ಕೊನೆಯ ದಿನವೇ ಕೆಲಸ ವಹಿಸಿದರೆ ಕ್ಲಾಸಿನಲ್ಲಿ ಕೂತಾಗ ಫೋನು ತಪ್ಪಿದ್ದಲ್ಲ.

ಮೊದಲು ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿ, ಅದೇ ದಿನ ಮೇಲ್ ಕಳಿಸಿ. ಎಚ್‌ಆರ್‌ಗೂ ನಿಮ್ಮ ಸ್ವಂತ ವಿಳಾಸಕ್ಕೂ ಪ್ರತಿ ಹೋಗಲಿ. ಲ್ಯಾಪ್‌ಟಾಪ್ ಮರಳಿಸಿದ ಸಂಜೆಯೇ ಆಫೀಸಿನ ಮೇಲ್ ಬಂದ್ ಆಗುತ್ತದೆ, ಆಮೇಲೆ ಪುರಾವೆ ಹುಡುಕಲು ದಾರಿ ಇರುವುದಿಲ್ಲ. ಕಂಪನಿಯ ಪೋರ್ಟಲ್‌ನಲ್ಲೂ ರಾಜೀನಾಮೆ ಹಾಕಬೇಕಿದ್ದರೆ ಅದನ್ನೂ ಅಂದೇ ಮುಗಿಸಿ. ಪೋರ್ಟಲ್ ತಾನೇ ಲೆಕ್ಕ ಹಾಕಿ ತೋರಿಸುವ ಕೊನೆಯ ದಿನ ನಿಮ್ಮದಕ್ಕೆ ತಾಳೆಯಾಗದಿದ್ದರೆ, ಅದೇ ಮೇಲ್‌ಗೆ ಉತ್ತರವಾಗಿ ಆ ಹೊತ್ತಿಗೇ ಬರೆದು ಕೇಳಿ.